ತಿಂಗಳ ಬಿಲ್ಲು, ಬಾಕಿಯ ರಿಮೈಂಡರ್: ಸಾಫ್ಟ್‌ವೇರ್‌ಗೆ ಏನು ಬಿಡಬೇಕು, ಏನು ಬಿಡಬಾರದು

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಇಬ್ಬರು ಪಾಲುದಾರರ ಒಂದು ಸಣ್ಣ ಸಂಸ್ಥೆ ಇದೆ ಅಂದುಕೊಳ್ಳಿ. ಕಾರ್ಖಾನೆ, ಆಸ್ಪತ್ರೆ, ಕಾಲೇಜುಗಳ ಯುಪಿಎಸ್ ನೋಡಿಕೊಳ್ಳುವುದು ಅವರ ಕೆಲಸ. ಮೂವತ್ತು ನಲವತ್ತು ಗಿರಾಕಿಗಳು. ಎಲ್ಲರ ಜೊತೆಗೂ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ತಿಂಗಳಿಗೊಂದು ಬಿಲ್ಲು. ಇಂಥ ಕಡೆ ಹಣ ತಡವಾಗುವುದಕ್ಕೆ ಗಿರಾಕಿಯೇ ಕಾರಣ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಬಿಲ್ಲೇ ಒಂಬತ್ತನೇ ತಾರೀಖಿಗೆ ಹೋಗಿರುತ್ತದೆ. ಅದೂ ಯುಪಿಎಸ್ ಕೆಟ್ಟಾಗ ಫೋನ್ ಮಾಡುವ ಮೇಂಟೆನೆನ್ಸ್‌ನವರ ಇಮೇಲ್‌ಗೆ. ಹಣ ಹಾಕುವ ಅಕೌಂಟ್ಸ್‌ನವರು ಆ ಬಿಲ್ಲನ್ನು ಕಂಡೇ ಇರುವುದಿಲ್ಲ.

ಈ ಸಂಸ್ಥೆಯ ಒಬ್ಬ ಗಿರಾಕಿಯನ್ನು ಮಾತ್ರ ತೆಗೆದುಕೊಂಡು, ಒಂದು ಬಿಲ್ಲು ಹುಟ್ಟುವುದರಿಂದ ಹಿಡಿದು ಹಣ ಬರುವವರೆಗೆ ಏನೇನು ತಾನಾಗಿ ನಡೆಯಬಹುದು ಅಂತ ನೋಡೋಣ. ಧಾರವಾಡದ ಒಂದು ಕಾರ್ಖಾನೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 15,000 ರೂಪಾಯಿ, ಶೇಕಡ 18 ಜಿಎಸ್‌ಟಿ ಅಂದರೆ 2,700, ಒಟ್ಟು 17,700. ಬಿಲ್ಲು ಪ್ರತಿ ತಿಂಗಳ 1ನೇ ತಾರೀಖು, ಹಣ ಕೊಡಲು 30 ದಿನ. ಸಾಫ್ಟ್‌ವೇರ್ ಉದಾಹರಣೆಗೆ ಝೋಹೋ ಬುಕ್ಸ್ ಇಟ್ಟುಕೊಳ್ಳುತ್ತೇನೆ. ಬೇರೆಯವುಗಳಲ್ಲಿ ಬಟನ್ ಹೆಸರು ಬೇರೆ ಇರುತ್ತದೆ, ಆದರೆ ಕೆಲಸ ಇದೇ ಥರ.

ಮೊದಲು ತಾರೀಖುಗಳ ಲೆಕ್ಕ ಹಾಕಿ. ಜೂನ್ 1ರ ಬಿಲ್ಲಿಗೆ ಕೊನೆಯ ದಿನ ಜುಲೈ 1. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಜೂನ್ ಬಿಲ್ಲುಗಳ ತೆರಿಗೆಯನ್ನು ಜುಲೈ 20ರೊಳಗೆ ಜಿಎಸ್‌ಟಿಆರ್-3ಬಿ ಜೊತೆ ಕಟ್ಟಬೇಕು. ಗಿರಾಕಿ ಹಣ ಕೊಟ್ಟಿರಲಿ ಬಿಡಲಿ, ಬಿಲ್ಲು ಹಾಕಿದ ಮೇಲೆ ಆ 2,700 ಸರ್ಕಾರಕ್ಕೆ ಹೋಗಲೇಬೇಕು. ಜುಲೈ 1ರಿಂದ 20ರವರೆಗಿನ ಈ ಹತ್ತೊಂಬತ್ತು ದಿನದಲ್ಲಿ ಹಣ ಬಂದರೆ ಗಿರಾಕಿಯ ಹಣದಿಂದಲೇ ತೆರಿಗೆ ಕಟ್ಟುತ್ತೀರಿ. ಬರದಿದ್ದರೆ ಕೈಯಿಂದ ಹಾಕುತ್ತೀರಿ. ನಲವತ್ತು ಗಿರಾಕಿಗಳಲ್ಲಿ ಅರ್ಧ ಜನ ಹೀಗೆ ಮಾಡಿದರೆ ಸಣ್ಣ ಸಂಸ್ಥೆಗೆ ಅದು ಒಬ್ಬ ಟೆಕ್ನಿಷಿಯನ್‌ನ ಸಂಬಳ ದಾಟುತ್ತದೆ. ರಿಮೈಂಡರ್ ಯಾವತ್ತು ಹೋಗಬೇಕು ಅನ್ನುವುದನ್ನು ಈ ಲೆಕ್ಕ ಇಟ್ಟುಕೊಂಡೇ ತೀರ್ಮಾನಿಸಬೇಕು.

ಬಿಲ್ಲು ತಾನಾಗಿ ಹುಟ್ಟುವ ಬಗೆ

ಝೋಹೋದಲ್ಲಿ ಇದಕ್ಕೆ `Recurring Invoices` ಅಂತ ಒಂದು ಜಾಗ ಇದೆ. ಗಿರಾಕಿ ಯಾರು, ಐಟಂ ಏನು, ಎಷ್ಟು ದಿನಕ್ಕೊಮ್ಮೆ, ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಒಂದು ಸಲ ತುಂಬಿದರೆ ಆಯಿತು. ಪ್ರತಿ ತಿಂಗಳು 1ನೇ ತಾರೀಖು ಬಿಲ್ಲು ತಾನೇ ತಯಾರಾಗುತ್ತದೆ. ಅದಕ್ಕೂ ಮುಂಚೆ ಗಿರಾಕಿಯ ದಾಖಲೆ ಸರಿ ಇರಬೇಕು: ಜಿಎಸ್‌ಟಿ ನಂಬರ್, ವಿಳಾಸ, ಮುಖ್ಯವಾಗಿ ಇಮೇಲ್. ಎರಡು ಇಮೇಲ್ ಹಾಕಿ. ಒಂದು ಅಕೌಂಟ್ಸ್‌ನವರದು, ಇನ್ನೊಂದು ಕೆಲಸ ಮಾಡಿಸಿಕೊಂಡವರದು. ಬಿಲ್ಲಿಗೆ ಸಹಿ ಹಾಕುವವರು ಎರಡನೆಯವರು, ಹಣ ಹಾಕುವವರು ಮೊದಲನೆಯವರು. ಇಬ್ಬರಲ್ಲಿ ಒಬ್ಬರಿಗೆ ಗೊತ್ತಿಲ್ಲದಿದ್ದರೂ ಬಿಲ್ಲು ನಿಂತುಬಿಡುತ್ತದೆ.

ಮುಗಿಯುವ ತಾರೀಖು ಹಾಕದೆ ಬಿಡುವವರು ಜಾಸ್ತಿ. ಎಎಂಸಿ ಮಾರ್ಚ್‌ನಲ್ಲಿ ಮುಗಿದರೂ ಏಪ್ರಿಲ್ 1ಕ್ಕೆ ಹಳೇ ದರದ ಬಿಲ್ಲು ಹೋಗುತ್ತದೆ. ಹೊಸ ಒಪ್ಪಂದದ ಮಾತು ಇನ್ನೂ ನಡೆಯುತ್ತಿರುವಾಗಲೇ ಹಳೇ ದರವನ್ನು ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ಒಪ್ಪಂದ ಯಾವತ್ತು ಮುಗಿಯುತ್ತದೋ ಆ ದಿನವನ್ನೇ ಕೊನೆಯ ತಾರೀಖಾಗಿ ಹಾಕಿ.

ಇನ್ನೊಂದು ತೀರ್ಮಾನ ಇದೆ. ಬಿಲ್ಲು ತಯಾರಾದ ಕೂಡಲೇ ತಾನಾಗಿ ಹೋಗಬೇಕಾ, ಇಲ್ಲ ಡ್ರಾಫ್ಟ್ ಆಗಿ ನಿಂತು ನೀವು ನೋಡಿದ ಮೇಲೆ ಹೋಗಬೇಕಾ? ಎರಡಕ್ಕೂ ಅವಕಾಶ ಇದೆ. ತಿಂಗಳೂ ಒಂದೇ ಮೊತ್ತ ಇರುವ ಗಿರಾಕಿಗೆ ನೇರವಾಗಿ ಹೋಗಲಿ. ಆದರೆ ಬ್ಯಾಟರಿ ಬದಲಿಸಿದ್ದನ್ನು ಅದೇ ಬಿಲ್ಲಿಗೆ ಸೇರಿಸುವ ಗಿರಾಕಿ ಇದ್ದರೆ, ಅಥವಾ ಪ್ರತಿ ತಿಂಗಳು ಹೊಸ ಪಿಒ ನಂಬರ್, ಅಂದರೆ ತಮ್ಮ ಖರೀದಿ ಆದೇಶದ ನಂಬರ್ ಕೊಡುವ ಗಿರಾಕಿ ಇದ್ದರೆ, ಅವರ ಬಿಲ್ಲು ಡ್ರಾಫ್ಟ್ ಆಗಿಯೇ ನಿಲ್ಲಲಿ. ಪಿಒ ನಂಬರ್ ಇಲ್ಲದ ಬಿಲ್ಲನ್ನು ದೊಡ್ಡ ಕಂಪನಿಗಳ ಅಕೌಂಟ್ಸ್‌ನವರು ತಮ್ಮ ಸಿಸ್ಟಮ್‌ಗೆ ಏರಿಸುವುದೇ ಇಲ್ಲ. ಸುಮ್ನೆ ಪಕ್ಕಕ್ಕಿಡುತ್ತಾರೆ, ವಾಪಸ್ ಕೂಡ ಕಳಿಸುವುದಿಲ್ಲ. ನೀವು ಒಂದು ತಿಂಗಳು ಕಾದ ಮೇಲೆ ಗೊತ್ತಾಗುತ್ತದೆ. ಹೊಸದಾಗಿ ಶುರುಮಾಡುವವರು ಮೊದಲ ಒಂದೆರಡು ತಿಂಗಳು ಎಲ್ಲರನ್ನೂ ಡ್ರಾಫ್ಟ್‌ನಲ್ಲೇ ಇಟ್ಟು ಕಣ್ಣಾಡಿಸುವುದು ಒಳ್ಳೆಯದು. ತೆರಿಗೆ ದರ ತಪ್ಪಿದ್ದರೆ, ಯಾವ ಬಗೆಯ ಸೇವೆ ಅಂತ ಹೇಳುವ ಎಸ್‌ಎಸಿ ಕೋಡ್ ಬಿಟ್ಟುಹೋಗಿದ್ದರೆ ಆಗಲೇ ಸಿಗುತ್ತದೆ. ಈ ಕೆಲಸಕ್ಕೆ ಕೋಡ್ 9987. ವರ್ಷದ ವಹಿವಾಟು 5 ಕೋಟಿ ಮೀರದವರಿಗೆ ನಾಲ್ಕು ಅಂಕಿ ಸಾಕು.

ಬಿಲ್ ನಂಬರ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಿ. ಜಿಎಸ್‌ಟಿ ನಿಯಮದಂತೆ ನಂಬರ್ ಒಂದರ ಹಿಂದೆ ಒಂದು ಬರಬೇಕು, 16 ಅಕ್ಷರ ದಾಟಬಾರದು, ಒಂದು ಹಣಕಾಸು ವರ್ಷದಲ್ಲಿ ಅದೇ ನಂಬರ್ ಮತ್ತೆ ಬರಬಾರದು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಮಾತ್ರ ಬಳಸಬಹುದು. `UPS/26-27/0142` ಅಂತ ಇಟ್ಟರೆ 14 ಅಕ್ಷರ, ಸರಿಹೋಗುತ್ತದೆ. ಇಲ್ಲಿ ಒಂದು ಹಳ್ಳ ಇದೆ. ಏಪ್ರಿಲ್ 1ಕ್ಕೆ ಬಿಲ್ಲುಗಳು ನೀವು ಅಂಗಡಿ ತೆರೆಯುವ ಮುಂಚೆಯೇ ಹುಟ್ಟಿರುತ್ತವೆ. ಮಾರ್ಚ್ 31ರ ಸಂಜೆಯೊಳಗೆ ವರ್ಷದ ಭಾಗ ಬದಲಿಸದಿದ್ದರೆ ಹೊಸ ವರ್ಷದ ಮೊದಲ ನಲವತ್ತು ಬಿಲ್ಲುಗಳು ಹಳೇ ವರ್ಷದ ನಂಬರ್ ಹೊತ್ತುಕೊಂಡು ಗಿರಾಕಿಗಳ ಇಮೇಲ್ ಸೇರಿರುತ್ತವೆ. ಮೊಬೈಲ್‌ನಲ್ಲಿ ಮಾರ್ಚ್ 31ಕ್ಕೆ ಒಂದು ಅಲಾರಂ ಇಟ್ಟುಬಿಡಿ.

ತಪ್ಪಾದ ಬಿಲ್ಲನ್ನು ಡಿಲೀಟ್ ಮಾಡುವ ಅಭ್ಯಾಸವೂ ಬೇಡ. ನಂಬರ್‌ಗಳ ಮಧ್ಯೆ ಕಿಂಡಿ ಬೀಳುತ್ತದೆ. ಜಿಎಸ್‌ಟಿಆರ್-1ರಲ್ಲಿ ಯಾವ ನಂಬರ್‌ನಿಂದ ಯಾವ ನಂಬರ್‌ವರೆಗೆ ಬಿಲ್ಲು ಕೊಟ್ಟಿದ್ದೀರಿ, ಅದರಲ್ಲಿ ರದ್ದಾದದ್ದು ಎಷ್ಟು ಅಂತ ಹೇಳಬೇಕು. ಗಿರಾಕಿಗೆ ಹೋಗಿಬಿಟ್ಟ ಬಿಲ್ಲಿನಲ್ಲಿ ಮೊತ್ತ ಜಾಸ್ತಿಯಾಗಿದ್ದರೆ ಕ್ರೆಡಿಟ್ ನೋಟ್ ಕೊಡಿ.

ರಿಮೈಂಡರ್ ಯಾವತ್ತು, ಯಾರಿಗೆ

ಕಾರ್ಖಾನೆಯವರು ಹಣ ಹಾಕುವುದು ತಿಂಗಳಿಗೆ ಎರಡೇ ದಿನ, 10 ಮತ್ತು 25. ಬಹಳ ಕಂಪನಿಗಳಲ್ಲಿ ಇಂಥ ಒಂದು ಪದ್ಧತಿ ಇರುತ್ತದೆ. ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ, ಗುಟ್ಟೇನೂ ಅಲ್ಲ. ಜುಲೈ 1ಕ್ಕೆ ಗಡುವು ಮುಗಿಯುವ ನಮ್ಮ ಬಿಲ್ಲು ಜುಲೈ 10ರ ಪಟ್ಟಿಯಲ್ಲಿ ಇದ್ದರೆ ಸರಿ. ತಪ್ಪಿದರೆ 25ಕ್ಕೆ, ಅಂದರೆ ನಾವು ತೆರಿಗೆ ಕಟ್ಟಿ ಐದು ದಿನ ಆದ ಮೇಲೆ. ಹಾಗಾಗಿ ಈ ಬಿಲ್ಲಿನ ಮಟ್ಟಿಗೆ ನಮಗೆ ಮುಖ್ಯವಾದ ದಿನ ಜುಲೈ 10. ರಿಮೈಂಡರ್‌ಗಳನ್ನೆಲ್ಲ ಅದಕ್ಕೆ ತಕ್ಕ ಹಾಗೆ ಜೋಡಿಸಬೇಕು.

ಗಿರಾಕಿಗೆ ಮೂರೇ ಸಾಕು. ಮೊದಲನೆಯದು ಜೂನ್ 6ಕ್ಕೆ. ಅದರಲ್ಲಿ ಹಣದ ಮಾತೇ ಇಲ್ಲ. ಬಿಲ್ಲು ತಲುಪಿತಾ, ಪಿಒ ನಂಬರ್ ಅಥವಾ ಸರ್ವಿಸ್ ರಿಪೋರ್ಟ್ ಏನಾದರೂ ಬೇಕಾ ಅಂತ ಕೇಳುವುದಷ್ಟೇ. ನನ್ನ ಪ್ರಕಾರ ಮೂರರಲ್ಲಿ ಹೆಚ್ಚು ಕೆಲಸ ಮಾಡುವುದು ಇದೇ. ಕೊರತೆ ಏನಾದರೂ ಇದ್ದರೆ ಸರಿಪಡಿಸಲು ಇನ್ನೂ ಒಂದು ತಿಂಗಳು ಕೈಯಲ್ಲಿರುತ್ತದೆ. ಎರಡನೆಯದು ಜೂನ್ 26ಕ್ಕೆ, ಗಡುವಿಗೆ ಐದು ದಿನ ಮುಂಚೆ. ಮೂರನೆಯದು ಜುಲೈ 6ಕ್ಕೆ, ಗಡುವು ದಾಟಿ ಐದು ದಿನಕ್ಕೆ, 10ರ ಪಟ್ಟಿ ತಯಾರಾಗುವ ಮುಂಚೆ.

ಸೆಟ್ಟಿಂಗ್ಸ್‌ನ `Reminders` ಜಾಗದಲ್ಲಿ ಇವನ್ನು ಗಡುವಿಗೆ 25 ದಿನ ಮುಂಚೆ, 5 ದಿನ ಮುಂಚೆ, 5 ದಿನ ನಂತರ ಅಂತ ತುಂಬಬೇಕು. ಎಣಿಕೆ ಬಿಲ್ಲಿನ ದಿನದಿಂದ ಶುರುವಾಗುವುದಿಲ್ಲ, ಗಡುವಿನ ದಿನದಿಂದ. ಇದು ತಲೆಯಲ್ಲಿರಲಿ. 15 ದಿನದ ಗಡುವು ಇರುವ ಗಿರಾಕಿಗೆ ಗಡುವಿಗೆ 25 ದಿನ ಮುಂಚೆ ಬಿಲ್ಲೇ ಹುಟ್ಟಿರುವುದಿಲ್ಲ, ಹಾಗಾಗಿ ಮೊದಲನೆಯ ಪತ್ರ ಅವರಿಗೆ ಹೋಗುವುದೇ ಇಲ್ಲ. ಅಂಥವರಿಗೆ ಆ ಪ್ರಶ್ನೆಯನ್ನು ಬಿಲ್ಲಿನ ಜೊತೆ ಹೋಗುವ ಇಮೇಲ್‌ನಲ್ಲೇ ಸೇರಿಸಿ.

ನಾಲ್ಕನೆಯದೂ ಒಂದಿರಲಿ, ಜುಲೈ 13ಕ್ಕೆ. ಆದರೆ ಅದು ಗಿರಾಕಿಗೆ ಹೋಗುವುದು ಬೇಡ, ನಿಮಗೇ ಬರಲಿ. ರಿಮೈಂಡರ್ ಯಾರಿಗೆ ಹೋಗಬೇಕು ಅನ್ನುವ ಕಡೆ ನಿಮ್ಮನ್ನೇ ಆರಿಸಿಕೊಳ್ಳಬಹುದು. 10ನೇ ತಾರೀಖು ದಾಟಿಯೂ ಹಣ ಬಂದಿಲ್ಲ ಅಂದರೆ ಇಮೇಲ್‌ನಿಂದ ಆಗುವ ಕೆಲಸ ಮುಗಿಯಿತು, ಇನ್ನು ಫೋನ್ ಮಾಡಿ ಅಂತ ಅದು ನಿಮಗೆ ಹೇಳುತ್ತದೆ.

ಪತ್ರದ ಮಾತು

ಮೃದುವಾಗಿ ಬರೆಯುವುದು ಅಂದರೆ ಸಕ್ಕರೆ ಸುರಿಯುವುದಲ್ಲ. ಓದುವ ಅಕೌಂಟ್ಸ್‌ನವರಿಗೆ ದಿನಕ್ಕೆ ಇಂಥ ಎಷ್ಟೋ ಪತ್ರ ಬರುತ್ತವೆ. ಅವರಿಗೆ ಬೇಕಾದದ್ದು ಬಿಲ್ ನಂಬರ್, ತಾರೀಖು, ಬಾಕಿ ಮೊತ್ತ ಮತ್ತು ಲಗತ್ತಿಸಿದ ಬಿಲ್ಲು. ಅದು ಹುಡುಕದೆ ಸಿಕ್ಕರೆ ಅವರ ಕೆಲಸ ಹಗುರ, ಅದೇ ದೊಡ್ಡ ಮರ್ಯಾದೆ. ವಿಷಯದ ಸಾಲಿನಲ್ಲಿ ಬರೀ "ರಿಮೈಂಡರ್" ಅಂತ ಬರೆಯಬೇಡಿ. ಬಿಲ್ ನಂಬರ್ ಅಲ್ಲೇ ಇರಲಿ; ಅವರು ಮೂರು ವಾರ ಬಿಟ್ಟು ಇನ್‌ಬಾಕ್ಸ್‌ನಲ್ಲಿ ಹುಡುಕುವುದು ಅದನ್ನೇ.

ಮೊದಲ ಪತ್ರ ಹೀಗಿರಬಹುದು:

```
ವಿಷಯ: ಬಿಲ್ %InvoiceNumber% ತಲುಪಿದೆಯೇ?

ನಮಸ್ಕಾರ,
%InvoiceDate% ರ ಬಿಲ್ %InvoiceNumber% ತಮ್ಮ ಸಿಸ್ಟಮ್‌ಗೆ
ಸೇರಿದೆಯೇ ಎಂದು ತಿಳಿಸುತ್ತೀರಾ? ಪಿಒ ನಂಬರ್, ಸರ್ವಿಸ್
ರಿಪೋರ್ಟ್ ಅಥವಾ ಬೇರೇನಾದರೂ ಬೇಕಿದ್ದರೆ ಈ ಇಮೇಲ್‌ಗೇ
ಉತ್ತರಿಸಿ, ಕಳಿಸಿಕೊಡುತ್ತೇವೆ.
```

ಗಡುವು ದಾಟಿದ ಮೇಲಿನದು:

```
ವಿಷಯ: ಬಿಲ್ %InvoiceNumber%, ಬಾಕಿ %Balance%

ನಮಸ್ಕಾರ,
ಬಿಲ್ %InvoiceNumber% ರ ಗಡುವು %DueDate% ಕ್ಕೆ ಮುಗಿದಿದೆ.
ನಮ್ಮ ಲೆಕ್ಕದಲ್ಲಿ %Balance% ಬಾಕಿ ಕಾಣುತ್ತಿದೆ.
ಹಣ ಈಗಾಗಲೇ ಕಳಿಸಿದ್ದರೆ ಯುಟಿಆರ್ ನಂಬರ್ ತಿಳಿಸಿ,
ಸರಿಪಡಿಸಿಕೊಳ್ಳುತ್ತೇವೆ. ಇಲ್ಲದಿದ್ದರೆ ಮುಂದಿನ ಪಾವತಿ
ಪಟ್ಟಿಯಲ್ಲಿ ಸೇರಿಸಲು ಕೋರುತ್ತೇವೆ.
```

ಎರಡು ಶೇಕಡ ಚಿಹ್ನೆಗಳ ಮಧ್ಯೆ ಇರುವ ಪದಗಳು ಕಳಿಸುವಾಗ ತಾನಾಗಿ ತುಂಬಿಕೊಳ್ಳುತ್ತವೆ. ಅವನ್ನು ಕೈಯಿಂದ ಟೈಪ್ ಮಾಡಬೇಡಿ, ನಿಮ್ಮ ಸಾಫ್ಟ್‌ವೇರ್ ತೋರಿಸುವ ಪಟ್ಟಿಯಿಂದಲೇ ಆರಿಸಿಕೊಳ್ಳಿ. ಒಂದಕ್ಷರ ತಪ್ಪಿದರೂ ಗಿರಾಕಿಗೆ ಆ ಚಿಹ್ನೆಯ ಸಮೇತ ಹಾಗೇ ಹೋಗುತ್ತದೆ. ಮೊದಲು ಒಂದು ಪತ್ರವನ್ನು ನಿಮ್ಮದೇ ಇಮೇಲ್‌ಗೆ ಕಳಿಸಿ ನೋಡಿ. ಮೊತ್ತದ ಜಾಗದಲ್ಲಿ ಬಿಲ್ಲಿನ ಒಟ್ಟು ಮೊತ್ತ ಹಾಕದೆ ಬಾಕಿಯನ್ನೇ ಹಾಕಿ. ಅರ್ಧ ಹಣ ಕೊಟ್ಟವರಿಗೆ ಪೂರ್ತಿ ಮೊತ್ತ ಕೇಳಿದ ಪತ್ರ ಹೋದರೆ ಬೇಸರ ಆಗುತ್ತದೆ, ಅಲ್ವಾ?

ಗಡುವು ದಾಟಿದ ಮೇಲಿನ ಪತ್ರದಲ್ಲಿ "ನಮ್ಮ ಲೆಕ್ಕದಲ್ಲಿ ಕಾಣುತ್ತಿದೆ" ಅನ್ನುವ ಮಾತನ್ನು ಬೇಕಂತಲೇ ಇಟ್ಟಿದ್ದೇನೆ. ತಪ್ಪು ನಮ್ಮ ಕಡೆ ಇರುವ ಸಾಧ್ಯತೆ ನಿಜವಾಗಿಯೂ ಇದೆ.

ನಿಲ್ಲಿಸುವುದೇ ಕಷ್ಟದ ಕೆಲಸ

ಸಾಫ್ಟ್‌ವೇರ್‌ಗೆ ನಿಮ್ಮ ಬ್ಯಾಂಕಿನಲ್ಲಿ ಏನಾಗಿದೆ ಅಂತ ಗೊತ್ತಿಲ್ಲ. ಪುಸ್ತಕದಲ್ಲಿ ಏನು ಬರೆದಿದೆಯೋ ಅದಷ್ಟೇ ಗೊತ್ತು. ಗಿರಾಕಿ ಜುಲೈ 3ಕ್ಕೆ ಹಣ ಹಾಕಿ, ನೀವು 8ಕ್ಕೆ ಎಂಟ್ರಿ ಮಾಡಿದರೆ, 6ಕ್ಕೆ ಅವರಿಗೆ ಬಾಕಿಯ ಪತ್ರ ಹೋಗಿರುತ್ತದೆ. ಒಂದು ಸಲ ಕ್ಷಮಿಸುತ್ತಾರೆ. ಎರಡು ಮೂರು ಸಲ ಆದರೆ ನಿಮ್ಮ ಇಮೇಲ್ ತೆರೆಯುವುದನ್ನೇ ಬಿಡುತ್ತಾರೆ, ಆಮೇಲೆ ನಿಜವಾದ ಬಾಕಿಯ ಪತ್ರವನ್ನೂ ಓದುವುದಿಲ್ಲ. ಆದ್ದರಿಂದ ರಿಮೈಂಡರ್ ಆನ್ ಮಾಡುವ ಮುಂಚೆ ದಿನಾ ಬೆಳಿಗ್ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬಂದ ಹಣವನ್ನು ಎಂಟ್ರಿ ಮಾಡುವವರು ಯಾರು ಅಂತ ತೀರ್ಮಾನ ಆಗಿರಬೇಕು. ಅದು ಆಗುವುದಿಲ್ಲ ಅಂದರೆ ಗಡುವಿನ ನಂತರದ ಪತ್ರವನ್ನು ತಾನಾಗಿ ಹೋಗಲು ಬಿಡಬೇಡಿ, ಪಟ್ಟಿ ನೋಡಿ ಕೈಯಿಂದಲೇ ಕಳಿಸಿ.

ಎಂಟ್ರಿ ದಿನಾ ಮಾಡಿದರೂ ಒಂದು ಕಡೆ ಸಿಕ್ಕಿಬೀಳುತ್ತೀರಿ, ಅದು ಟಿಡಿಎಸ್. ಕಾರ್ಖಾನೆಯವರು ಜುಲೈ 10ಕ್ಕೆ ಹಣ ಹಾಕಿದರು ಅನ್ನಿ. ಬ್ಯಾಂಕಿಗೆ ಬಂದದ್ದು 17,400. ಇನ್ನೂ 300 ಎಲ್ಲಿ? ಗುತ್ತಿಗೆ ಕೆಲಸದ ಲೆಕ್ಕದಲ್ಲಿ ಶೇಕಡ 2 ಟಿಡಿಎಸ್ ಹಿಡಿದಿದ್ದಾರೆ. ನಮ್ಮದು ಪಾಲುದಾರಿಕೆ ಸಂಸ್ಥೆ, ಅದಕ್ಕೆ ಶೇಕಡ 2. ಒಬ್ಬರೇ ಮಾಲೀಕರಾಗಿದ್ದರೆ ಶೇಕಡ 1 ಆಗುತ್ತಿತ್ತು. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆ ತೋರಿಸಿರುವುದರಿಂದ ಟಿಡಿಎಸ್ ಲೆಕ್ಕ 15,000ದ ಮೇಲೆ ಮಾತ್ರ. 15,000ಕ್ಕೆ ಶೇಕಡ 2 ಅಂದರೆ 300. ಅವರು ಮಾಡಿದ್ದು ಸರಿಯಾಗಿಯೇ ಇದೆ.

ನೀವು 17,400 ಬಂತು ಅಂತಷ್ಟೇ ಎಂಟ್ರಿ ಮಾಡಿದರೆ ಸಾಫ್ಟ್‌ವೇರ್ ಪ್ರಕಾರ 300 ಬಾಕಿ. ಬಿಲ್ಲು ಮುಚ್ಚುವುದಿಲ್ಲ, 13ಕ್ಕೆ ನಿಮಗೆ ರಿಮೈಂಡರ್ ಬರುತ್ತದೆ, ನೀವು 300 ರೂಪಾಯಿ ಬಾಕಿ ಅಂತ ಅವರಿಗೆ ಫೋನ್ ಮಾಡುತ್ತೀರಿ. ಕಾನೂನಿನಂತೆ ತೆರಿಗೆ ಹಿಡಿದವರಿಗೆ ಬಾಕಿದಾರರು ಅಂತ ಹೇಳಿದ ಹಾಗೆ. ಹಣ ಎಂಟ್ರಿ ಮಾಡುವಾಗ ತೆರಿಗೆ ಕಡಿತವಾಗಿದೆ ಅನ್ನುವುದನ್ನು ಆರಿಸಿ, 300 ಅನ್ನು ಟಿಡಿಎಸ್ ಖಾತೆಗೆ ಹಾಕಿ. ಬಿಲ್ಲು ಪೂರ್ತಿ ಮುಚ್ಚುತ್ತದೆ. ಆ 300 ನಿಮ್ಮದೇ ಹಣ, ಆದಾಯ ತೆರಿಗೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಅವರು ಟಿಡಿಎಸ್ ರಿಟರ್ನ್ ಹಾಕುವುದು ಮೂರು ತಿಂಗಳಿಗೊಮ್ಮೆ. ಆಮೇಲೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಎದುರು ಅದು ಬಂದಿದೆಯಾ ಅಂತ ನೋಡಿಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಸಣ್ಣಪುಟ್ಟ ಬಾಕಿ ಇರುವ ಬಿಲ್ಲುಗಳ ಪಟ್ಟಿ ತೆಗೆದು, ಆ ಮೊತ್ತ ತೆರಿಗೆ ಸೇರುವ ಮುಂಚಿನ ಬೆಲೆಯ ಶೇಕಡ 1, 2 ಅಥವಾ 10 ಆಗಿದೆಯಾ ಅಂತ ಲೆಕ್ಕ ಹಾಕಿ. ಆಗಿದ್ದರೆ ಬಹುಪಾಲು ಟಿಡಿಎಸ್ಸೇ.

ಮೂರು ಬಿಲ್ಲಿನ ಹಣ ಒಟ್ಟಿಗೆ ಬಂದಾಗಲೂ ಹೀಗೇ. ಯಾವ ಬಿಲ್ಲಿಗೆ ಎಷ್ಟು ಅಂತ ಹಂಚದೆ ಖಾತೆಗೆ ಮುಂಗಡದಂತೆ ಸೇರಿಸಿಟ್ಟರೆ ಮೂರೂ ಬಿಲ್ಲು ತೆರೆದೇ ಇರುತ್ತವೆ, ಮೂರಕ್ಕೂ ಪತ್ರ ಹೋಗುತ್ತದೆ.

ತಕರಾರು ಇರುವ ಬಿಲ್ಲು ಬೇರೆ ವಿಷಯ. "ಮೇ ತಿಂಗಳಲ್ಲಿ ನಿಮ್ಮ ಹುಡುಗ ಬರಲೇ ಇಲ್ಲ" ಅಂತ ಗಿರಾಕಿ ಬರೆದಿದ್ದಾರೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಆದರೂ ರಿಮೈಂಡರ್ ತಪ್ಪದೆ ಹೋಗುತ್ತಿದೆ. ಇದಕ್ಕಿಂತ ಬೇಗ ಗಿರಾಕಿಯನ್ನು ಕಳೆದುಕೊಳ್ಳುವ ದಾರಿ ಇಲ್ಲ. ಆ ಬಿಲ್ಲಿನ ಮಟ್ಟಿಗೆ ರಿಮೈಂಡರ್ ನಿಲ್ಲಿಸಲು `Stop Reminders` ಇದೆ, ಮೊದಲು ಅದನ್ನು ಒತ್ತಿ, ಆಮೇಲೆ ಮಾತಾಡಿ. ಗಿರಾಕಿಯ ಉತ್ತರ ನಿಮಗೆ ಕಾಣಬೇಕು ಅಂದರೆ ಪತ್ರ ಯಾವ ವಿಳಾಸದಿಂದ ಹೋಗುತ್ತದೋ ಅದು ನಿಮ್ಮಲ್ಲಿ ಯಾರೋ ಒಬ್ಬರು ದಿನಾ ತೆರೆಯುವ ವಿಳಾಸವೇ ಆಗಿರಬೇಕು. 18ಕ್ಕೆ ಹಾಕುತ್ತೇವೆ ಅಂತ ಅವರು ಹೇಳಿದರೆ ಬಿಲ್ಲಿನಲ್ಲಿ ಹಣ ಬರುವ ನಿರೀಕ್ಷಿತ ದಿನವನ್ನು ಬರೆದಿಡಿ. ಆ ದಿನವನ್ನು ಆಧರಿಸಿಯೂ ರಿಮೈಂಡರ್ ಇಡಬಹುದು.

ಪತ್ರ ತಲುಪುತ್ತಿದೆಯಾ?

ಯಾರೂ ಉತ್ತರಿಸುತ್ತಿಲ್ಲ ಅಂದರೆ ಸ್ಪ್ಯಾಮ್‌ಗೆ ಬೀಳುತ್ತಿದೆಯಾ ನೋಡಿ. ನಿಮ್ಮ ಸ್ವಂತ ಡೊಮೇನ್ ಹೆಸರಿನಲ್ಲಿ ಪತ್ರ ಕಳಿಸುವುದು ಸಾಫ್ಟ್‌ವೇರ್ ಕಂಪನಿಯ ಸರ್ವರ್. ಆ ಸರ್ವರ್‌ಗೆ ನಿಮ್ಮ ಒಪ್ಪಿಗೆ ಇದೆ ಅಂತ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕೆಐಎಂ ಅನ್ನುವ ಎರಡು ಸಾಲು ಸೇರಿಸಬೇಕು. ಏನು ಸೇರಿಸಬೇಕು ಅಂತ ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಇದರಲ್ಲಿ ಬಿಗಿಯಾಗಿದೆ. ಪರೀಕ್ಷಿಸಲು ನಿಮ್ಮದೇ ಜಿಮೇಲ್‌ಗೆ ಒಂದು ಬಿಲ್ಲು ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು ಮೂರು ಚುಕ್ಕಿ ಒತ್ತಿ `Show original` ನೋಡಿ. ಎರಡರ ಮುಂದೆಯೂ `PASS` ಇರಬೇಕು.

ಜುಲೈ 13ರ ಫೋನ್

ಅಕೌಂಟ್ಸ್‌ನವರಿಗೇ ಮಾಡಿ. "ಸರ್, ಈ ಬಿಲ್ಲು 10ರ ಪಟ್ಟಿಯಲ್ಲಿ ಬರಲಿಲ್ಲ, ಯಾರ ಹತ್ತಿರ ನಿಂತಿದೆ ನೋಡ್ತೀರಾ?" ಅಂತ ಕೇಳಿ. ಹಣ ಯಾವಾಗ ಅಂತ ಕೇಳಿದರೆ "ನೋಡೋಣ" ಅಂತಾರೆ. ಎಲ್ಲಿ ನಿಂತಿದೆ ಅಂತ ಕೇಳಿದರೆ ಒಂದು ಹೆಸರು ಸಿಗುತ್ತದೆ, ಆ ಹೆಸರಿಗೆ ಮುಂದಿನ ಫೋನ್ ಮಾಡಬಹುದು.

ಕಾನೂನಿನ ಬಲವೂ ಸ್ವಲ್ಪ ಇದೆ. ನೀವು ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ಸೇವಾ ಸಂಸ್ಥೆಯಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಗಿರಾಕಿ ಬರಹದಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆ ಒಪ್ಪಂದವೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಎಣಿಕೆ ಸೇವೆ ಒಪ್ಪಿಕೊಂಡ ದಿನದಿಂದ. ತಡ ಮಾಡಿದರೆ ಆ ಖರ್ಚನ್ನು ಗಿರಾಕಿ ಆದಾಯ ತೆರಿಗೆಯಲ್ಲಿ ತೋರಿಸಲು ನಿಜವಾಗಿ ಹಣ ಕೊಟ್ಟ ವರ್ಷದವರೆಗೆ ಕಾಯಬೇಕು. ಈ ನಿಯಮ 2024ರ ಏಪ್ರಿಲ್ 1ರಿಂದ ಬಂದಿದೆ, ಆಮೇಲೆ ಮಾರ್ಚ್ ತಿಂಗಳಲ್ಲಿ ಅಕೌಂಟ್ಸ್‌ನವರೇ ಫೋನ್ ಮಾಡಿ ಉದ್ಯಮ್ ನಂಬರ್ ಕೇಳುವುದುಂಟು. ಇದನ್ನು ರಿಮೈಂಡರ್‌ನಲ್ಲಿ ಬೆದರಿಕೆಯಂತೆ ಬರೆಯಬೇಡಿ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಮತ್ತು "ಸಣ್ಣ ಉದ್ಯಮ, ಸೇವೆ" ಅನ್ನುವ ಒಂದು ಸಾಲು ಮೊದಲ ದಿನದಿಂದಲೇ ಇರಲಿ. ಗೊತ್ತಿರುವವರಿಗೆ ಅಷ್ಟು ಸಾಕು. ಯಾವುದಕ್ಕೂ ಬಗ್ಗದವರ ಮೇಲೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಆದರೆ ಆ ಗಿರಾಕಿಯ ಜೊತೆ ಮುಂದೆ ಕೆಲಸ ಇರುವುದಿಲ್ಲ ಅಂತ ಗೊತ್ತಿದ್ದೇ ಕೊಡಿ.

ಆರು ತಿಂಗಳು ಹೀಗೆ ನಡೆದ ಮೇಲೆ ಯಾವ ಗಿರಾಕಿ ಸರಾಸರಿ ಎಷ್ಟು ದಿನಕ್ಕೆ ಹಣ ಕೊಡುತ್ತಾರೆ ಅಂತ ವರದಿ ತೆಗೆಯಿರಿ. ಮೂರೂ ಪತ್ರ, ಫೋನ್ ಎಲ್ಲ ಆಗಿಯೂ ಪ್ರತಿ ಸಲ ಅರವತ್ತು ದಿನ ದಾಟಿಸುವವರು ಒಂದಿಬ್ಬರು ಕಾಣುತ್ತಾರೆ. ಅವರಿಗೆ ನಾಲ್ಕನೇ ಪತ್ರ ಬರೆಯುವ ಬದಲು, ಎಎಂಸಿ ನವೀಕರಿಸುವಾಗ ಮೂರು ತಿಂಗಳ ಹಣ ಮುಂಗಡ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.